ಏಸರ್ ಲ್ಯಾಪ್‌ಟಾಪ್‌ಗೆ ಚಾರ್ಜರ್ ಹುಡುಕಿದ್ದು: ತೂತಿನ ಅಳತೆಯಲ್ಲಿ ಸಿಕ್ಕಿಬಿದ್ದ ತಪ್ಪು

ಶನಿವಾರ

ಬೇಲೂರಿನಿಂದ ಚಿಕ್ಕಪ್ಪನ ಮಗಳು ಚಾರ್ಜರ್ ಲೇಬಲ್ಲಿನ ಫೋಟೊ ಕಳಿಸಿದಳು. ಅಡಾಪ್ಟರಿನ ಬುಡದಲ್ಲೇ ವೈರ್ ಕಟ್ ಆಗಿದೆ. "ಅಣ್ಣ, 1.7 ಆಂಪ್ ಅಂತಿದೆ, ಅಷ್ಟರದ್ದೇ ತಗೋಬೇಕಲ್ವಾ?" ಅಂದಳು. ಅವಳು ಓದಿದ್ದು ಇನ್‌ಪುಟ್ ಸಾಲು, ಅದು ಗೋಡೆಯ ಕರೆಂಟಿನ ಲೆಕ್ಕ. ಲ್ಯಾಪ್‌ಟಾಪ್‌ಗೆ ಹೋಗುವುದು ಔಟ್‌ಪುಟ್. ಅಲ್ಲಿ 19 ವೋಲ್ಟ್ ಚೆನ್ನಾಗಿ ಕಾಣುತ್ತಿತ್ತು, ಆದರೆ ಆಂಪ್‌ನ ಮೊದಲ ಅಂಕಿ ಉಜ್ಜಿಹೋಗಿ ಬರೀ .42 ಉಳಿದಿತ್ತು. ಮೂಲೆಯಲ್ಲಿ 65 ವ್ಯಾಟ್ ಅಂತ ಇದ್ದದ್ದು ಪುಣ್ಯ. 65 ಅನ್ನು 19ರಿಂದ ಭಾಗಿಸಿದರೆ 3.42. ಅಳಿಸಿಹೋದ ಅಂಕಿ ಸಿಕ್ಕಿತು.

ಭಾನುವಾರ

ಅವಳು ಲ್ಯಾಪ್‌ಟಾಪ್, ಹಳೇ ಚಾರ್ಜರ್ ಎರಡನ್ನೂ ಹಾಸನಕ್ಕೆ ತಂದಳು. ಅಂಗಡಿಯಲ್ಲಿ 19 ವೋಲ್ಟ್, 3.42 ಆಂಪ್‌ನದ್ದೇ ಕೊಟ್ಟರು. ಪಿನ್ ಒಳಗೂ ಹೋಯಿತು. ಮನೆಗೆ ಬಂದು ಹಾಕಿದರೆ, ಲ್ಯಾಪ್‌ಟಾಪನ್ನು ಸ್ವಲ್ಪ ಸರಿಸಿದರೂ ಚಾರ್ಜಿಂಗ್ ಲೈಟ್ ಆರಿಹೋಗುತ್ತಿತ್ತು, ಹತ್ತು ನಿಮಿಷ ಬಿಟ್ಟು ಪಿನ್ ಮುಟ್ಟಿದರೆ ಬಿಸಿ. ತಕ್ಷಣ ತೆಗೆದೆ.

ಲೇಬಲ್ಲಿನಲ್ಲಿ ಪಿನ್ ಅಳತೆ ಸಾಮಾನ್ಯವಾಗಿ ಇರುವುದೇ ಇಲ್ಲ, ಎಡವಟ್ಟಾಗುವುದು ಇಲ್ಲೇ. ವರ್ನಿಯರ್‌ನಲ್ಲಿ ಅಳೆದೆ, ಎರಡರ ಹೊರವ್ಯಾಸವೂ 5.5 ಮಿಮೀ. ಒಳಗಿನ ತೂತಿಗೆ ವರ್ನಿಯರ್ ಹೋಗಲ್ಲ, ಅದಕ್ಕೆ ಸಣ್ಣ ಡ್ರಿಲ್ ಬಿಟ್‌ಗಳ ಹಿಂಬದಿ ಬಳಸಿದೆ (ಚಾರ್ಜರನ್ನು ಗೋಡೆಯಿಂದ ಕಿತ್ತ ಮೇಲೆಯೇ, ಇಲ್ಲದಿದ್ದರೆ ಶಾರ್ಟ್ ಆಗುತ್ತದೆ). ಹಳೇ ಪಿನ್ನಿಗೆ 1.5ರ ಬಿಟ್ ಹೋಯಿತು, 2ರದ್ದು ಹೋಗಲಿಲ್ಲ. ಹೊಸದರಲ್ಲಿ 2ರ ಬಿಟ್ ಸಲೀಸಾಗಿ ಹೋಗಿ ಅಲ್ಲಾಡುತ್ತಿತ್ತು. ಅಂದರೆ ಹಳೆಯದು 5.5×1.7, ಏಸರ್‌ನಲ್ಲಿ ಬಹಳ ಕಡೆ ಸಿಗುವ ಅಳತೆ. ಅಂಗಡಿಯವರು ಕೊಟ್ಟದ್ದು 5.5×2.5, ಅದು ಹಳೇ ಆಸುಸ್‌ಗಳಲ್ಲಿ ಜಾಸ್ತಿ. ದೊಡ್ಡ ತೂತಿನೊಳಗೆ ಲ್ಯಾಪ್‌ಟಾಪಿನ ತೆಳ್ಳನೆ ಕಡ್ಡಿ ಒಂದು ಬದಿಗೆ ಮಾತ್ರ ತಾಗುತ್ತದೆ. ಹಾಗೆ ಅರ್ಧಂಬರ್ಧ ತಾಗಿದ ಕಡೆಯೇ ಬಿಸಿಯಾಗುವುದು. ಹಾಗೇ ಬಿಟ್ಟಿದ್ದರೆ ಲ್ಯಾಪ್‌ಟಾಪಿನ ಜಾಕ್ ಸುಟ್ಟುಹೋಗುತ್ತಿತ್ತು.

ಮಂಗಳವಾರ

ಹಳೇ ಪಿನ್ ಕೈಯಲ್ಲೇ ಹಿಡಿದು ಇನ್ನೊಂದು ಅಂಗಡಿಗೆ ಹೋದೆ. 5.5×1.7ರಲ್ಲಿ ಎರಡಿದ್ದವು: 45 ವ್ಯಾಟ್, 90 ವ್ಯಾಟ್. 45 ಬೇಡ ಅಂದೆ, 65 ಕೇಳುವ ಲ್ಯಾಪ್‌ಟಾಪ್‌ಗೆ ಅದನ್ನು ಹಾಕಿದರೆ ಅಡಾಪ್ಟರ್ ಕಾದು ಕಟ್ ಆಗುತ್ತದೆ, ಇಲ್ಲವೇ ಬ್ಯಾಟರಿ ತುಂಬುವುದೇ ಇಲ್ಲ. 90ರದ್ದು 19 ವೋಲ್ಟ್, 4.74 ಆಂಪ್. ಅದರಿಂದ ತೊಂದರೆಯಿಲ್ಲ, ಯಾಕೆಂದರೆ ಲ್ಯಾಪ್‌ಟಾಪ್ ತನಗೆ ಬೇಕಾದಷ್ಟು ಆಂಪ್ ಮಾತ್ರ ಎಳೆದುಕೊಳ್ಳುತ್ತದೆ. ಆದರೆ ವೋಲ್ಟ್ ಹಾಗಲ್ಲ, ಅಡಾಪ್ಟರ್ ಕೊಟ್ಟಷ್ಟೂ ಬಂದು ಬೀಳುತ್ತದೆ, ಹಾಗಾಗಿ ಅದು ಹೊಂದಲೇಬೇಕು. ಲೇಬಲ್ಲಿನ ಚಿಕ್ಕ ಚಿತ್ರವನ್ನೂ ನೋಡಿದೆ: ನಡುವಿನ ಚುಕ್ಕಿ ಪ್ಲಸ್ಸಿಗೆ, ಹೊರಗಿನ ಬಳೆ ಮೈನಸ್ಸಿಗೆ, ಹಳೆಯದರಲ್ಲೂ ಹಾಗೇ ಇತ್ತು.

ಮನೆಯಲ್ಲಿ ಮೀಟರ್ ಇಟ್ಟಾಗ 19.2 ತೋರಿಸಿತು. ಈಗ ಪಿನ್ ಅಲ್ಲಾಡಿಸಿದರೂ ಲೈಟ್ ಆರುತ್ತಿಲ್ಲ, ಅರ್ಧ ಗಂಟೆ ಆದಮೇಲೂ ಪಿನ್ ತಣ್ಣಗೇ ಇದೆ. ಅಡಾಪ್ಟರಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ, ಲೇಬಲ್ಲಿನಲ್ಲಿ ಇಲ್ಲದ 5.5×1.7 ಅಂತ ದೊಡ್ಡದಾಗಿ ಬರೆದು ಬೇಲೂರಿಗೆ ಕಳಿಸಿದೆ.