ಹದಿನೇಳು ನಿಮಿಷ

1 ಜನವರಿ 2025, ಬುಧವಾರ

ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದರೂ ನಿದ್ದೆ ಹತ್ತಲಿಲ್ಲ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತೇನೆ.

ನಿನ್ನೆ ಪಾಳಿಗೆ ಹೋದ ಕೂಡಲೇ ಹೆರಿಗೆ ಕೋಣೆಯ ಗೋಡೆ ಗಡಿಯಾರವನ್ನು ಮೊಬೈಲಿನ ಸಮಯಕ್ಕೆ ಹೋಲಿಸಿ ನೋಡಿದೆ. ಮೂರು ನಿಮಿಷ ಮುಂದಿತ್ತು. ಸರಿಪಡಿಸಿದೆ. ಬೇರೆ ದಿನಗಳಲ್ಲಿ ಮೂರು ನಿಮಿಷ ಯಾರ ಬದುಕನ್ನೂ ಬದಲಿಸುವುದಿಲ್ಲ. ಆದರೆ ಡಿಸೆಂಬರ್ 31ರ ರಾತ್ರಿ, ಅದರಲ್ಲೂ ಅವಳಿ ಹೆರಿಗೆಯ ತಾಯಿಯೊಬ್ಬರು ಒಳಗೆ ಮಲಗಿರುವಾಗ, ಆ ಗಡಿಯಾರವನ್ನು ನಂಬಿಯೇ ನಾನು ಬರೆಯಬೇಕು.

ಮೊದಲ ಮಗು, ಹೆಣ್ಣು, 23:44ಕ್ಕೆ ಹುಟ್ಟಿತು. ಹುಟ್ಟಿದ ಕೂಡಲೇ ಅತ್ತಿತು. ಅದರ ಹೊಕ್ಕುಳ ಬಳ್ಳಿಗೆ ಒಂದು ಗುರುತಿನ ಕ್ಲಿಪ್ ಹಾಕಿದೆವು. ಎರಡನೆಯದಕ್ಕೆ ಎರಡು ಹಾಕುತ್ತೇವೆ. ಎರಡೂ ಮಾಸು ಹೊರಬಂದ ಮೇಲೆ ಯಾವ ಬಳ್ಳಿ ಯಾರದೆಂದು ತಿಳಿಯಲು ಬೇರೆ ದಾರಿಯಿಲ್ಲ.

ಮೊದಲ ಮಗು ಹೊರಬಂದ ಮೇಲೆ ಎರಡನೆಯದಕ್ಕೆ ಒಳಗೆ ಒಮ್ಮೆಲೇ ಜಾಗ ಹೆಚ್ಚಾಗುತ್ತದೆ. ಅದು ಅಡ್ಡ ತಿರುಗಬಾರದೆಂದು ಡಾಕ್ಟರ್ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಹಿಡಿದಿದ್ದರು. ತಲೆ ಕೆಳಗೇ ಇತ್ತು, ಎದೆಬಡಿತ 140ರ ಆಸುಪಾಸಿನಲ್ಲಿತ್ತು. ಆದರೆ ನೋವು ಸಡಿಲಗೊಂಡಿತು. ಹೀಗಾಗುವುದು ಅಪರೂಪವೇನಲ್ಲ. ಡ್ರಿಪ್ಪಿನ ವೇಗ ಹೆಚ್ಚಿಸಿ ಕಾದೆವು. ನೋವು ಮತ್ತೆ ಕಾಣಿಸಿಕೊಂಡು ತಲೆ ಇಳಿದ ಮೇಲೆ ಡಾಕ್ಟರ್ ನೀರಿನ ಚೀಲ ಒಡೆದರು.

23:59ಕ್ಕೆ ತಲೆ ಹೊರಬಂತು. ಅಷ್ಟರಲ್ಲಿ ನೋವು ನಿಂತಿತು.

ಹೆಂಡತಿಯ ಕೈ ಹಿಡಿದು ನಿಂತಿದ್ದ ತಂದೆ, "ಬಂತು, ಇದೂ ಇವತ್ತೇ ಬಂತು!" ಎಂದು ಕೂಗಿದರು. ನಾನು ಏನೂ ಹೇಳಲಿಲ್ಲ. ನನ್ನ ಕಣ್ಣು ಆ ಪುಟ್ಟ ತಲೆಯ ಮೇಲಿತ್ತು. ಅದು ಮೆಲ್ಲನೆ ತಾನಾಗಿಯೇ ಪಕ್ಕಕ್ಕೆ ಹೊರಳಿತು. ಹಾಗೆ ಹೊರಳಿದರೆ ಒಳಗೆ ಭುಜಗಳು ತಮ್ಮ ದಾರಿ ಹುಡುಕಿಕೊಳ್ಳುತ್ತಿವೆ ಎಂದರ್ಥ. ಬದಲಿಗೆ ತಲೆ ಆಮೆಯಂತೆ ಒಳಕ್ಕೆ ಜಗ್ಗಿಕೊಂಡಿದ್ದರೆ ಭುಜ ಸಿಕ್ಕಿಕೊಂಡಿದೆ ಎಂದು ಎಲ್ಲರೂ ಓಡಾಡಬೇಕಿತ್ತು. ಡಾಕ್ಟರ್ ಎಳೆಯಲಿಲ್ಲ, ಮುಂದಿನ ನೋವಿಗೆ ಕಾದರು. ಹೊರಗೆ ಎಲ್ಲಿಂದಲೋ ಜನ ಒಟ್ಟಾಗಿ ಕೂಗಿದ್ದು ಕೇಳಿಸಿತು. ಗಡಿಯಾರದ ಎರಡೂ ಮುಳ್ಳು ಹನ್ನೆರಡರ ಮೇಲಿದ್ದವು. ಆ ಮಗುವಿನ ತಲೆ ಹೊಸ ವರ್ಷದ ಗಾಳಿಯಲ್ಲಿತ್ತು, ಮೈ ಇನ್ನೂ ತಾಯಿಯೊಳಗಿತ್ತು.

ನೋವು ಬಂತು. "ಈಗ ಮುಕ್ಕಿ ಅಮ್ಮಾ, ಇದೊಂದೇ" ಎಂದೆ. ಭುಜ, ಹೊಟ್ಟೆ, ಕಾಲು ಎಲ್ಲ ಒಂದೇ ಸಲಕ್ಕೆ ಜಾರಿ ಬಂದವು. ನಾನು ಗಟ್ಟಿಯಾಗಿ ಹೇಳಿದೆ: "ಗಂಡು ಮಗು, ಸೊನ್ನೆ ಗಂಟೆ ಒಂದು ನಿಮಿಷ."

ಮಾಸು ಬಿದ್ದು, ರಕ್ತಸ್ರಾವ ಹತೋಟಿಗೆ ಬಂದ ಮೇಲೆ ತಂದೆ ನನ್ನ ಮೇಜಿನ ಬಳಿ ಬಂದರು. "ಸಿಸ್ಟರ್, ತಲೆ ಬಂದದ್ದು ನಿನ್ನೆಯೇ ಅಲ್ಲವೇ? ಇಬ್ಬರಿಗೂ ಒಂದೇ ತಾರೀಕು ಹಾಕಿಬಿಡಿ. ಮುಂದೆ ಶಾಲೆಗೆ ಸೇರಿಸುವಾಗ ತೊಂದರೆಯಾಗುತ್ತದೆ."

ಅವರ ಆತಂಕ ಸುಳ್ಳಲ್ಲ. ವಯಸ್ಸಿನ ಗಡಿಯನ್ನು ಡಿಸೆಂಬರ್ 31ಕ್ಕೆ ಹಾಕುವ ಕಡೆ ಅಕ್ಕ ಒಂದು ತರಗತಿ ಮುಂದೆ ಹೋಗಬಹುದು. ಹುಟ್ಟಿದ ವರ್ಷ ನೋಡಿ ಗುಂಪು ಮಾಡುವ ಕ್ರೀಡೆಗಳಲ್ಲಿ ಅವಳು ತನ್ನ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ತಮ್ಮ ತನ್ನ ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡವನು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಆದರೂ ಹೇಳಿದೆ: "ತಲೆ ಬಂದ ಹೊತ್ತನ್ನೂ ಕೇಸ್ ಶೀಟಿನಲ್ಲಿ ಬರೆದಿದ್ದೇನೆ. ಆದರೆ ಹುಟ್ಟಿದ ಸಮಯವೆಂದರೆ ಇಡೀ ಮೈ ಹೊರಬಂದ ಸಮಯ. ಬಳ್ಳಿ ಕತ್ತರಿಸಿದ್ದೂ ಅಲ್ಲ, ಅತ್ತದ್ದೂ ಅಲ್ಲ. ಅದನ್ನು ನಾನು ಬದಲಿಸಲಾರೆ."

ಅವರು ಮೌನವಾದರು. ತಾಯಿ ಮಲಗಿದಲ್ಲಿಂದಲೇ, "ನಾನು ಕಾದದ್ದು ಹದಿನೇಳು ನಿಮಿಷ. ಅದನ್ನು ಯಾಕೆ ಅಳಿಸುತ್ತೀರಿ? ಇದ್ದಂತೆ ಬರೆಯಲಿ ಬಿಡಿ" ಎಂದರು.

ತಮ್ಮನ ವಿವರ ಬರೆಯಲು ಕೂತಾಗ ಕೈ ಅಭ್ಯಾಸಬಲದಿಂದ 01-01-2024 ಎಂದು ಬರೆಯಿತು. ಎದೆ ಧಸಕ್ಕೆಂದಿತು. ದಾಖಲೆಯಲ್ಲಿ ತಿದ್ದಿ ಮೇಲೆಯೇ ಬರೆಯುವಂತಿಲ್ಲ. ಕೆಳಗಿನ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 01-01-2025 ಎಂದು ಬರೆದು ಸಹಿ ಹಾಕಿದೆ. ಆ ತಪ್ಪು ಹಾಗೇ ಉಳಿದಿದ್ದರೆ ತಮ್ಮ ಅಕ್ಕನಿಗಿಂತ ಒಂದು ವರ್ಷ ದೊಡ್ಡವನಾಗುತ್ತಿದ್ದ.

ಮಣಿಕಟ್ಟಿನ ಪಟ್ಟಿಗಳನ್ನು ಕಟ್ಟುವ ಮುನ್ನ ತಾಯಿಗೆ ಓದಿ ಹೇಳಿದೆ. ಒಂದು, 31-12-2024, 23:44. ಎರಡು, 01-01-2025, 00:01. ಅವರು ಇನ್ನೊಮ್ಮೆ ಓದಲು ಹೇಳಿದರು. ಓದಿದೆ.