4 ಬಿಟ್ ಕೌಂಟರ್‌ನಲ್ಲಿ ಎಲ್‌ಆರ್‌ಯು: 16ನೇ ರೆಫರೆನ್ಸ್ ಕೊಟ್ಟ ಕಾಟ

ಕೌಂಟರ್ ಎಲ್‌ಆರ್‌ಯು ಮತ್ತು ಸ್ಟ್ಯಾಕ್ ಎಲ್‌ಆರ್‌ಯು ನನ್ನ ಪೇಜ್ ರಿಪ್ಲೇಸ್‌ಮೆಂಟ್ ಸಿಮ್ಯುಲೇಟರ್‌ನಲ್ಲಿ ಕೊನೆಗೂ ಹೆಜ್ಜೆ ಹೆಜ್ಜೆಗೂ ಒಂದೇ ಉತ್ತರ ಕೊಡುತ್ತಿವೆ. ಸಿಮ್ಯುಲೇಟರ್‌ನ ಉಳಿದ ಭಾಗಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಫ್ರೇಮ್ ಟೇಬಲ್, ಫಾಲ್ಟ್ ಲೆಕ್ಕ, ಫಿಫೊ, ಇವೆಲ್ಲ ನೀವೂ ಬರೆದಿರುತ್ತೀರಿ. ನನ್ನ ತಲೆ ತಿಂದಿದ್ದು ಒಂದೇ ವಿಷಯ: ಕೌಂಟರ್ ತುಂಬಿ ಮತ್ತೆ ಸೊನ್ನೆಗೆ ಬಂದಾಗ ಏನು ಮಾಡಬೇಕು?

64 ಬಿಟ್ ಕೌಂಟರ್ ಇಟ್ಟರೆ ಈ ಪ್ರಶ್ನೆಯೇ ಬರುವುದಿಲ್ಲ. ನ್ಯಾನೊಸೆಕೆಂಡಿಗೆ ಒಂದು ರೆಫರೆನ್ಸ್ ಬಂದರೂ ಅದು ತುಂಬಲು 580 ವರ್ಷಕ್ಕಿಂತ ಜಾಸ್ತಿ ಬೇಕು. ಆದರೆ ಸ್ಟಾಂಪನ್ನು, ಅಂದರೆ ಪೇಜನ್ನು ಕೊನೆಯ ಸಲ ಮುಟ್ಟಿದಾಗಿನ ಕೌಂಟರ್ ಅಂಕಿಯನ್ನು, ಪ್ರತಿ ಪೇಜ್ ಟೇಬಲ್ ಎಂಟ್ರಿಯಲ್ಲೂ ಇಡಬೇಕಲ್ವಾ? 32 ಬಿಟ್ ಎಕ್ಸ್86ನ ಎಂಟ್ರಿಯಲ್ಲಿ ಆಪರೇಟಿಂಗ್ ಸಿಸ್ಟಂ ಬಳಕೆಗೆಂದು ಬಿಟ್ಟಿರುವುದು ಬರೀ 3 ಬಿಟ್. 64 ಬಿಟ್ ಸ್ಟಾಂಪ್ ಸೇರಿಸಿದರೆ ಎಂಟ್ರಿ ಮೂರು ಪಟ್ಟು ದೊಡ್ಡದಾಗುತ್ತದೆ. 32 ಬಿಟ್ ಸ್ಟಾಂಪ್ ಇಟ್ಟರೆ ಅದೇ ವೇಗದಲ್ಲಿ ನಾಲ್ಕು ಸೆಕೆಂಡು ಚಿಲ್ಲರೆಯಲ್ಲಿ ಸುತ್ತು ಮುಗಿದುಹೋಗುತ್ತದೆ. ಅಂದರೆ ಸುತ್ತು ಹೊಡೆಯುವುದನ್ನು ತಪ್ಪಿಸುವ ಬದಲು ಎದುರಿಸುವುದೇ ಒಳ್ಳೆಯದು. ಹಾಗಾಗಿ ಬೇಕೆಂದೇ 4 ಬಿಟ್ ಇಟ್ಟೆ. ಕಾಯಿಲೆ ಇದ್ದರೆ 20 ರೆಫರೆನ್ಸ್‌ನೊಳಗೇ ಕಾಣಿಸಿಕೊಳ್ಳಲಿ ಅಂತ.

ಸ್ಟ್ರಿಂಗ್ ನಿಮಗೆಲ್ಲ ಬಾಯಿಪಾಠ ಇರುವ ಹಳೆಯದೇ. ಫ್ರೇಮ್ 3.

```
7 0 1 2 0 3 0 4 2 3 0 3 2 1 2 0 1 7 0 1
```

ಸರಿಯಾದ ಎಲ್‌ಆರ್‌ಯು ಇದಕ್ಕೆ 12 ಫಾಲ್ಟ್ ಕೊಡಬೇಕು. ಸ್ಟ್ಯಾಕ್ 12 ಅಂದಿತು. 4 ಬಿಟ್ ಕೌಂಟರ್ 14 ಅಂದಿತು.

15ನೇ ರೆಫರೆನ್ಸ್‌ವರೆಗೆ ಎರಡೂ ಒಂದೇ. ಆಗ ಫ್ರೇಮ್‌ಗಳಲ್ಲಿ 3, 1, 2 ಇವೆ, ಸ್ಟಾಂಪ್ ಕ್ರಮವಾಗಿ 12, 14, 15. 16ನೆಯದು ಪೇಜ್ 0. ಅತಿ ಕಡಿಮೆ ಸ್ಟಾಂಪ್ ಇರುವ 3 ಹೊರಗೆ ಹೋಯಿತು, ಇದೂ ಸರಿಯೇ. ಆದರೆ ಒಳಗೆ ಬಂದ ಪೇಜ್ 0ಗೆ ಬಿದ್ದ ಸ್ಟಾಂಪ್ ನೋಡಿ: 16 ಹಿಡಿಸದೆ ಅದು 0 ಆಯಿತು. ಅಲ್ಲಿಂದ ಮುಂದಿನ ಕತೆ ಹೀಗಿದೆ:

```
t=16  page 0  fault  2:15  1:14  0:0
t=17  page 1  hit    2:15  1:1   0:0
t=18  page 7  fault  2:15  1:1   7:2   (0 out)
t=19  page 0  fault  2:15  7:2   0:3   (1 out)
t=20  page 1  fault  2:15  0:3   1:4   (7 out)
```

18ರಲ್ಲಿ ಹೋಗಬೇಕಾಗಿದ್ದು ಪೇಜ್ 2. ಅದನ್ನು ಕೊನೆಯ ಸಲ ಮುಟ್ಟಿದ್ದು 15ರಲ್ಲಿ, ಉಳಿದೆರಡನ್ನು ಅದಾದ ಮೇಲೆ ಮುಟ್ಟಿದ್ದೇವೆ. ಆದರೆ ಅದರ ಹಣೆಯ ಮೇಲೆ 15 ಅಂತಿದೆ, ಎಲ್ಲಕ್ಕಿಂತ ದೊಡ್ಡದು. ಹೀಗಾಗಿ ಆಗಷ್ಟೇ ಬಂದ 0 ಬೀದಿಗೆ ಬಿತ್ತು, ಮರುಕ್ಷಣವೇ ಅದೇ ಬೇಕಾಯಿತು. 0ಗೆ ಜಾಗ ಮಾಡಲು 1 ಹೋಯಿತು, ಆಮೇಲೆ 1 ಬೇಕಾಯಿತು. 19 ಮತ್ತು 20 ಎರಡೂ ಹಿಟ್ ಆಗಬೇಕಿದ್ದವು.

ಎರಡು ಫಾಲ್ಟ್ ಜಾಸ್ತಿ ಆಗಿದ್ದು ಇದರಲ್ಲಿ ಸಣ್ಣ ಮಾತು. ಮತ್ತೆ ಮುಟ್ಟದಿದ್ದರೆ ಪೇಜ್ 2 ಇನ್ನು ಆ ಸುತ್ತು ಪೂರ್ತಿ ಅಲ್ಲಾಡುವುದಿಲ್ಲ, ದೊಡ್ಡ ಮಾತು ಅದು. ಒಂದು ಸುತ್ತಿನೊಳಗೆ ಉಳಿದ ಎರಡು ಫ್ರೇಮ್‌ಗಳ ಸ್ಟಾಂಪ್ ಬೇರೆ ಬೇರೆ ಇರುತ್ತದೆ. ಅವುಗಳಲ್ಲಿ ಕನಿಷ್ಠ ಒಂದಾದರೂ 15ಕ್ಕಿಂತ ಕಡಿಮೆ ಇದ್ದೇ ಇರುತ್ತದೆ, ಬಲಿ ಆಗುವುದು ಅದೇ. ಅಂದರೆ ಮೂರು ಫ್ರೇಮ್‌ನ ಯಂತ್ರ ಸದ್ದಿಲ್ಲದೆ ಎರಡು ಫ್ರೇಮ್‌ನ ಯಂತ್ರ ಆಗಿರುತ್ತದೆ. ಕ್ರ್ಯಾಶ್ ಇಲ್ಲ, ಎರರ್ ಇಲ್ಲ. ಬರೀ ನಿಧಾನ.

ಮೊದಲು ಹೊಳೆಯುವ ಮದ್ದು ಯಾವುದೆಂದು ನಿಮಗೂ ಗೊತ್ತು. ಸ್ಟಾಂಪ್ ಹೋಲಿಸಬೇಡ, ವಯಸ್ಸು ಹೋಲಿಸು:

```c
age = (now - stamp[p]) & 15;   /* evict the largest */
```

18ರಲ್ಲಿ `now` 2. ಪೇಜ್ 2ರ ವಯಸ್ಸು 2 − 15, ಅಂದರೆ 16ರ ಸುತ್ತಿನಲ್ಲಿ 3. ಪೇಜ್ 0ಗೆ 2, ಪೇಜ್ 1ಕ್ಕೆ 1. ಬಲಿ ಪೇಜ್ 2. ಸರಿಯಾಯಿತು! ಒಟ್ಟು 12 ಫಾಲ್ಟ್. ಇಲ್ಲಿಗೆ ನಿಲ್ಲಿಸಿ ಮುಂದೆ ಹೋಗಬಹುದಿತ್ತು, ಆದರೆ ಈ ಸ್ಟ್ರಿಂಗ್ ತುಂಬಾ ಸಾಧು. ಇದರಲ್ಲಿ ಯಾವ ಪೇಜೂ ಮುಟ್ಟಿಸಿಕೊಳ್ಳದೆ ಫ್ರೇಮ್‌ನಲ್ಲಿ ಬಹಳ ಹೊತ್ತು ಕೂರುವುದಿಲ್ಲ. ಗಡಿಯಾರದ ಮುಳ್ಳು ನೋಡಿ ಒಂದು ಗಂಟೆ ಆಯಿತೋ ಹದಿಮೂರು ಗಂಟೆ ಆಯಿತೋ ಹೇಳಲು ಬರುತ್ತದೆಯೇ? ಇಲ್ಲೂ ಅದೇ ಪಾಡು. 16 ಮುಟ್ಟಿದ ವಯಸ್ಸು ಮತ್ತೆ ಎಳೆಯ ವಯಸ್ಸಾಗಿ ಕಾಣುತ್ತದೆ.

ಅದನ್ನು ಹೊರಗೆಳೆಯಲು ಕೈಯಾರೆ ಒಂದು ಕೆಟ್ಟ ಸ್ಟ್ರಿಂಗ್ ಕಟ್ಟಿದೆ. ಮೊದಲು ಪೇಜ್ 5. ಆಮೇಲೆ 2ರಿಂದ 17ರವರೆಗೆ 8, 9, 8, 9 ಅಂತ ಎರಡೇ ಪೇಜ್‌ಗಳ ಲೂಪ್. 18ರಲ್ಲಿ ಹೊಸ ಪೇಜ್ 6, 19ರಲ್ಲಿ ಮತ್ತೆ 8. ಪ್ರೋಗ್ರಾಂ ಶುರುವಿನಲ್ಲಿ ಒಂದು ಪೇಜ್ ಮುಟ್ಟಿ ಆಮೇಲೆ ಬಿಗಿ ಲೂಪಿಗೆ ಬೀಳುವುದು ಅಪರೂಪವೇನಲ್ಲ, ಹಾಗಾಗಿ ಇದು ಮೋಸದ ಪರೀಕ್ಷೆಯೂ ಅಲ್ಲ.

18ರಲ್ಲಿ ಹೋಗಬೇಕಾದ್ದು 5, ಅದರ ನಿಜ ವಯಸ್ಸು 17. ಲೆಕ್ಕಕ್ಕೆ ಬಂದ ವಯಸ್ಸು 1. ಪೇಜ್ 9ನ್ನು ಮುಟ್ಟಿದ್ದು ಈಗಷ್ಟೇ, 17ರಲ್ಲಿ. ಅದರ ಸ್ಟಾಂಪೂ 1, ವಯಸ್ಸೂ 1. ಎರಡಕ್ಕೂ ಒಂದು ಚೂರೂ ವ್ಯತ್ಯಾಸ ಇಲ್ಲ. ಪೇಜ್ 8ರ ವಯಸ್ಸು 2, ಅದೇ ದೊಡ್ಡದು. ಹೊರಗೆ ಹೋಗಿದ್ದು 8. ಮುಂದಿನ ರೆಫರೆನ್ಸೇ 8.

ಇಂಥದ್ದನ್ನು ಹಿಡಿಯುವುದು ಹೇಗೆ ಅನ್ನುವುದು ನನಗೆ ಈ ಕೆಲಸದಲ್ಲಿ ಸಿಕ್ಕ ಒಳ್ಳೆಯ ಪಾಠ. ಫಾಲ್ಟ್ ಎಣಿಕೆ ನೋಡಿಕೊಂಡು ಕೂತರೆ 19ರವರೆಗೆ ಏನೂ ಗೊತ್ತಾಗುವುದಿಲ್ಲ. ಈಗ ನಾನು ಕೌಂಟರ್ ಮತ್ತು ಸ್ಟ್ಯಾಕ್ ಎರಡನ್ನೂ ಜೊತೆಜೊತೆಗೆ ಓಡಿಸುತ್ತೇನೆ. ಪ್ರತಿ ರೆಫರೆನ್ಸ್ ಆದಮೇಲೆ ಕೌಂಟರ್ ಕಡೆಯ ಪೇಜ್‌ಗಳನ್ನು ಹೊಸದರಿಂದ ಹಳೆಯದಕ್ಕೆ ಸಾಲಾಗಿ ಜೋಡಿಸಿ, ಸ್ಟ್ಯಾಕ್‌ನ ಮೇಲಿಂದ ಕೆಳಗಿನ ಸಾಲಿಗೆ ಹೋಲಿಸುತ್ತೇನೆ. ಈ ಸ್ಟ್ರಿಂಗಿನಲ್ಲಿ ಸಾಲು ಒಡೆಯುವುದು 17ರಲ್ಲೇ. ಸ್ಟ್ಯಾಕ್ 9, 8, 5 ಅನ್ನುತ್ತದೆ. ಕೌಂಟರ್ ಲೆಕ್ಕದಲ್ಲಿ 9 ಮತ್ತು 5 ಎರಡರ ವಯಸ್ಸೂ ಸೊನ್ನೆ, 8 ಎಲ್ಲಕ್ಕಿಂತ ಹಳೆಯದು. ಫಾಲ್ಟ್ ಆಗುವುದಕ್ಕೆ ಎರಡು ರೆಫರೆನ್ಸ್ ಮೊದಲೇ ಕಳ್ಳ ಸಿಕ್ಕಿಬಿದ್ದ.

ಅಂದ ಹಾಗೆ, ಪರೀಕ್ಷೆಗೆ ಸಿಗುವ ಟ್ರೇಸ್ ಫೈಲ್‌ಗಳ ಬಗ್ಗೆ ಒಂದು ದೂರು. ಇಳಿಸಿಕೊಂಡ ಒಂದು ದೊಡ್ಡ ಫೈಲಿನಲ್ಲಿ ಬರೀ ವಿಳಾಸಗಳಿವೆ, ಪೇಜ್ ಸೈಜ್ ಎಷ್ಟು ಎಂಬ ಸುಳಿವೇ ಇಲ್ಲ. 4 ಕೆಬಿ ಅಂತ ಹಿಡಿದು ಕೆಳಗಿನ 12 ಬಿಟ್ ಕತ್ತರಿಸಿದರೆ ಒಂದು ಉತ್ತರ, ಬೇರೆ ಸೈಜ್ ಹಿಡಿದರೆ ಇನ್ನೊಂದು. ಟ್ರೇಸ್ ಹಂಚುವವರೇ, ದಯವಿಟ್ಟು ಮೊದಲ ಸಾಲಿನಲ್ಲಿ ಅದೊಂದನ್ನು ಬರೆಯಿರಿ.

ಸರಿ, ಗೆದ್ದ ಮದ್ದು ಇದು. ಎಲ್‌ಆರ್‌ಯುಗೆ ಸಮಯ ಬೇಕಾಗಿಲ್ಲ, ಕ್ರಮ ಮಾತ್ರ ಬೇಕು. ಹಾಗಿದ್ದಮೇಲೆ ಕೌಂಟರ್ ತುಂಬಿದ ತಕ್ಷಣ ಕ್ರಮ ಉಳಿಸಿಕೊಂಡು ಅಂಕಿಗಳನ್ನು ಹೊಸದಾಗಿ ಹಂಚಿಬಿಡುವುದು. ಪ್ರತಿ ರೆಫರೆನ್ಸ್‌ಗೆ ಮೊದಲು:

```c
if (now == 15) {
    sort_by_stamp(order, n);      /* oldest first */
    for (i = 0; i < n; i++)
        stamp[order[i]] = i;
    now = n - 1;
}
now++;
```

ಹಳೆಯ ಸ್ಟ್ರಿಂಗಿನಲ್ಲಿ 15ರ ಕೊನೆಗೆ ಇದ್ದ 12, 14, 15 ಈಗ 0, 1, 2 ಆಗುತ್ತವೆ. 16ರ ರೆಫರೆನ್ಸ್ ಸ್ಟಾಂಪ್ 3ರಿಂದ ಶುರು. ಪೇಜ್ 3 ಹೋಗಿ 0ಗೆ 3 ಬಿತ್ತು, 17ರಲ್ಲಿ 1ಕ್ಕೆ 4. 18ರಲ್ಲಿ 2ರ ಬಳಿ 2, 0ರ ಬಳಿ 3, 1ರ ಬಳಿ 4. ಬಲಿ ಪೇಜ್ 2. ಆಮೇಲೆ ಎರಡು ಹಿಟ್, ಒಟ್ಟು 12. ಲೂಪಿನ ಸ್ಟ್ರಿಂಗಿನಲ್ಲೂ 5 ಯಾವಾಗಲೂ ಅತಿ ಚಿಕ್ಕ ಅಂಕಿ ಹಿಡಿದು ಕೂರುತ್ತದೆ, 18ರಲ್ಲಿ ಮರ್ಯಾದೆಯಿಂದ ಹೊರಡುತ್ತದೆ.

ಖರ್ಚೂ ನೋಡೋಣ. ಮೊದಲ ಹಂಚಿಕೆ ಆದಮೇಲೆ ಸ್ಟಾಂಪ್ 3ರಿಂದ 15ರವರೆಗೆ, ಅಂದರೆ 13 ರೆಫರೆನ್ಸಿಗೊಮ್ಮೆ ಮರುಹಂಚಿಕೆ. ಬಿಟ್ k, ಫ್ರೇಮ್ n ಆದರೆ ಅದು 2^k − n. ಫ್ರೇಮ್‌ಗಳು 2^k ಹತ್ತಿರ ಬಂದಷ್ಟೂ ಮರುಹಂಚಿಕೆ ಪದೇ ಪದೇ ಆಗುತ್ತದೆ, 2^k ಮುಟ್ಟಿದರೆ ಹೊಸ ಅಂಕಿಗೆ ಜಾಗವೇ ಇಲ್ಲ. 3 ಫ್ರೇಮ್‌ಗೆ 2 ಬಿಟ್ ಇಟ್ಟು ನೋಡಿದೆ: ಪ್ರತಿ ರೆಫರೆನ್ಸಿಗೂ ಮರುಹಂಚಿಕೆ! ಕೂಗಿಕೊಳ್ಳುವಷ್ಟು ಖುಷಿಯಾಗಿದ್ದು ಆಗಲೇ. ಯಾಕೆಂದರೆ ಪ್ರತಿ ಸಲವೂ ಹೊಸದಾಗಿ ಹಂಚಿದ ಅಂಕಿ ಬೇರೇನೂ ಅಲ್ಲ, ಸ್ಟ್ಯಾಕ್‌ನಲ್ಲಿ ಆ ಪೇಜ್ ತಳದಿಂದ ಎಷ್ಟನೆಯದು ಎಂಬುದು. ಕೌಂಟರ್ ಹಾಗೂ ಸ್ಟ್ಯಾಕ್ ಎರಡು ಬೇರೆ ವಿಧಾನ ಅಂತ ಓದುತ್ತೇವೆ. ಕೌಂಟರನ್ನು ಹಿಂಡುತ್ತಾ ಹೋದರೆ ಕೊನೆಗೆ ಉಳಿಯುವುದು ಸ್ಟ್ಯಾಕೇ.

ಕೆಲಸ ಯಾವಾಗ ಮಾಡುತ್ತೇವೆ ಅನ್ನುವುದಷ್ಟೇ ವ್ಯತ್ಯಾಸ. ಕೌಂಟರ್‌ನಲ್ಲಿ ಹಿಟ್ ಆದರೆ ಒಂದು ಬರಹ ಸಾಕು, ಫಾಲ್ಟ್ ಆದಾಗ ಎಲ್ಲ ಫ್ರೇಮ್ ಹುಡುಕಬೇಕು. ಸ್ಟ್ಯಾಕ್‌ನಲ್ಲಿ ಬಲಿ ಹುಡುಕುವ ಮಾತೇ ಇಲ್ಲ, ತಳದಲ್ಲಿ ಕೂತಿದೆ. ಆದರೆ ಹಿಟ್ ಆದಾಗಲೂ ಪೇಜನ್ನು ನಡುವಿನಿಂದ ಕಿತ್ತು ಮೇಲೆ ಇಡಬೇಕು. ಎರಡೂ ಕಡೆ ಪಾಯಿಂಟರ್ ಇರುವ ಲಿಸ್ಟಿನಲ್ಲಿ ಅದಕ್ಕೆ ಹೆಚ್ಚೆಂದರೆ ಆರು ಪಾಯಿಂಟರ್ ಬದಲಾವಣೆ. ಪ್ರತಿ ಮೆಮೊರಿ ರೆಫರೆನ್ಸಿಗೂ ಇಷ್ಟು ಮಾಡುವ ಹಾರ್ಡ್‌ವೇರ್ ಸಿಗುವುದಿಲ್ಲ, ಹಾಗಾಗಿಯೇ ನಿಜವಾದ ಯಂತ್ರಗಳು ಒಂದು ಆಕ್ಸೆಸ್ಡ್ ಬಿಟ್ ಕೊಟ್ಟು ಸುಮ್ಮನಾಗುತ್ತವೆ.

ಇದರ ನಡುವೆ ಮುಂದಿನ ಕೆಲಸ ಆಗಲೇ ಕೈ ಎಳೆಯುತ್ತಿದೆ. ಹೊರಹೋದ ಪೇಜ್‌ಗಳನ್ನೂ ಸ್ಟ್ಯಾಕ್‌ನಲ್ಲೇ ಬಿಟ್ಟು, ಪ್ರತಿ ರೆಫರೆನ್ಸ್ ಮೇಲಿಂದ ಎಷ್ಟನೇ ಆಳದಲ್ಲಿ ಸಿಕ್ಕಿತು ಅಂತ ಬರೆದುಕೊಂಡರೆ ಒಂದೇ ಓಟದಲ್ಲಿ ಎಲ್ಲ ಫ್ರೇಮ್ ಸಂಖ್ಯೆಗೂ ಫಾಲ್ಟ್ ಸಿಗುತ್ತದೆ. 1970ರಲ್ಲಿ ಮ್ಯಾಟ್ಸನ್ ಮತ್ತು ಜೊತೆಗಾರರು ತೋರಿಸಿದ ದಾರಿ ಇದು. ಮೇಲಿನ ಸ್ಟ್ರಿಂಗಿಗೆ ಕೈಯಲ್ಲೇ ಮಾಡಿದೆ: ಆಳ 2ರಲ್ಲಿ 3 ಸಲ, 3ರಲ್ಲಿ 5, 4ರಲ್ಲಿ 4, 5 ಮತ್ತು 6ರಲ್ಲಿ ಒಂದೊಂದು. ಉಳಿದ 6 ಮೊದಲ ಸಲ ಬಂದವು. 3 ಫ್ರೇಮ್ ಆದರೆ ಆಳ 3ರವರೆಗಿನ 8 ಹಿಟ್, 20ರಲ್ಲಿ 8 ಕಳೆದರೆ 12. 4 ಫ್ರೇಮ್‌ಗೆ 8, 5ಕ್ಕೆ 7, 6ಕ್ಕೆ 6. ಫ್ರೇಮ್ ಕೂಡಿದಂತೆ ಹಿಟ್ ಕೂಡುತ್ತಲೇ ಹೋಗುತ್ತದೆ, ಫಿಫೊದ ಹಾಗೆ ತಿರುಗಿ ಬೀಳುವುದಿಲ್ಲ.

ಉದ್ದದ ಟ್ರೇಸಿಗೆ ಇದನ್ನು ಓಡಿಸಲು ಲಿಸ್ಟ್ ಸಾಲದು. ಆಳ ತಿಳಿಯಲು ಮೇಲಿಂದ ನಡೆದುಕೊಂಡೇ ಹೋಗಬೇಕು, ಸಾವಿರಾರು ಪೇಜ್ ಇದ್ದರೆ ಅದೇ ದೊಡ್ಡ ಖರ್ಚು. ಅಲ್ಲಿ ಸ್ಟಾಂಪ್‌ಗಳೇ ಮತ್ತೆ ಕೆಲಸಕ್ಕೆ ಬರುತ್ತವೆ: ಸ್ಟಾಂಪ್ ಮೇಲೆ ಒಂದು ಬ್ಯಾಲೆನ್ಸ್ಡ್ ಟ್ರೀ ಕಟ್ಟಿ, ನನಗಿಂತ ದೊಡ್ಡ ಸ್ಟಾಂಪ್ ಎಷ್ಟಿವೆ ಅಂತ ಕೇಳಿ ಒಂದು ಕೂಡಿದರೆ ಆಳ ಬರುತ್ತದೆ. ಟ್ರೀಯ ನೋಡ್ ಬರೆದಾಗಿದೆ. ಈ ಸಲ ಸ್ಟಾಂಪಿಗೆ ಪೂರ್ತಿ 64 ಬಿಟ್.