ಸೆಮಿನಾರ್ ನೋಟ್ಸ್ ಇಳಿಸುವ ಕೆಲಸ: ಇಲ್ಲಿಯವರೆಗೆ

ಕೈಗೆ ಬಂದದ್ದು

ತಮ್ಮನ ಮಗಳು ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ವಿಭಾಗದಲ್ಲಿ ಎಂಟು ನಿಮಿಷದ ಸೆಮಿನಾರ್ ಇದೆ, ವಿಷಯ ವಾಣಿ ವಿಲಾಸ ಸಾಗರ. ನಮ್ಮ ಕಡೆಯವರ ಬಾಯಲ್ಲಿ ಅದು ಮಾರಿಕಣಿವೆ. ನಾಲ್ಕು ಹಾಳೆ ನೋಟ್ಸ್ ಬರೆದುಕೊಂಡು ಬಂದಳು. ಬರೆದದ್ದರಲ್ಲಿ ತಪ್ಪಿಲ್ಲ, ಆದರೆ ಮಾತಾಡಲು ನಿಂತರೆ ಹಾಳೆ ಬಿಟ್ಟು ಕಣ್ಣೆತ್ತುವುದಿಲ್ಲ. ಕಣ್ಣೆತ್ತಿದರೆ ಎಲ್ಲಿದ್ದೆ ಎನ್ನುವುದು ತಪ್ಪುತ್ತದೆ, ತಪ್ಪಿದ ಗಾಬರಿಗೆ ಮುಂದಿನ ಸಾಲನ್ನು ಇನ್ನೂ ಜೋರಾಗಿ ಓಡಿಸುತ್ತಾಳೆ.

ಇಂಥ ನೋಟ್ಸನ್ನು ಕೈಯಲ್ಲಿ ಹಿಡಿದು ಮಾತಾಡುವ ಪುಟ್ಟ ಚೀಟಿಗೆ ಇಳಿಸಿಕೊಡುವುದು ನನಗೆ ಒಂದು ಗೀಳು. ಕೇರಿಯ ಹುಡುಗರಿಗೆಲ್ಲ ಮಾಡಿಕೊಟ್ಟಿದ್ದೇನೆ. ಈ ಸಲ ಮಾಡುವಾಗ ಬರೆದಿಟ್ಟುಕೊಂಡದ್ದು ಇದು. ಪೂರ್ತಿ ಸೆಮಿನಾರಿನ ಕಥೆ ಬೇಡ, ಒಂದೇ ಪ್ಯಾರಾ ಸಾಕು:

> ವಾಣಿ ವಿಲಾಸ ಸಾಗರವು ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಲಾದ, 1907ರಲ್ಲಿ ನಿರ್ಮಾಣ ಪೂರ್ಣಗೊಂಡ ಜಲಾಶಯವಾಗಿದ್ದು, ಇದರ ಪೂರ್ಣ ಮಟ್ಟವು 130 ಅಡಿಯಾಗಿರುತ್ತದೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ನಂತರ ಈ ಜಲಾಶಯವು ಮತ್ತೆ ಭರ್ತಿಯಾಗಲು 2022ರವರೆಗೆ ಕಾಯಬೇಕಾಯಿತು ಎಂಬುದು ಗಮನಾರ್ಹ ಸಂಗತಿಯಾಗಿದೆ.

ಹಾಳೆ ಮುಚ್ಚಿ

ಮೊದಲು ಮಾಡಿದ್ದು ಹಾಳೆ ಮುಚ್ಚಿಸಿದ್ದು. "ನಿಮ್ಮಜ್ಜಿಗೆ ಇದನ್ನೇ ಹೇಳು" ಎಂದೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಗೀಚಿಕೊಂಡೆ: "ಕಟ್ಟಿ ಮುಗಿಸಿದ್ದು 1907ರಲ್ಲಿ ಅಜ್ಜಿ. 1933ರಾಗ ಒಂದ್ಸಲ ಕೋಡಿ ಬಿತ್ತು. ಆಮೇಲೆ 89 ವರ್ಷ ಬೀಳ್ಲೇ ಇಲ್ಲ. 2022ಕ್ಕೆ ಮತ್ತೆ ಬಿತ್ತು."

ಚೀಟಿಗೆ ಹೋಗಬೇಕಾದ ಪದಗಳು ಇಲ್ಲಿಂದ ಬರಬೇಕು. ಬರೆದ ಪ್ಯಾರಾದಿಂದ "ಭರ್ತಿ", "ಗಮನಾರ್ಹ" ಎಂದು ಆರಿಸಿಕೊಂಡರೆ, ಭಯದಲ್ಲಿ ಆ ಪದ ಕಂಡ ಕೂಡಲೇ ಅವಳ ಮನಸ್ಸು ಆ ಉದ್ದದ ವಾಕ್ಯವನ್ನೇ ಹುಡುಕಲು ಹೋಗುತ್ತದೆ. "ಕೋಡಿ ಬಿತ್ತು" ಕಂಡರೆ ಹುಡುಕುವ ಕೆಲಸವೇ ಇಲ್ಲ.

ಎರಡು ಬಗೆಯ ಚೀಟಿ

ಒಂದೇ ಪ್ಯಾರಾಕ್ಕೆ ಎರಡು ಚೀಟಿ ಮಾಡಿ ಹೋಲಿಸಿದೆವು. ಮೊದಲನೆಯದು ಎಲ್ಲರೂ ಮಾಡುವ ಹಾಗೆ ಹೆಸರು ಮತ್ತು ಅಂಕಿ ಮಾತ್ರ:

> ವೇದಾವತಿ, ಹಿರಿಯೂರು
> 1907
> 130 ಅಡಿ
> 1933, 2022

ನೋಡಲು ಚೊಕ್ಕಟ. ಅವಳು ಓದಿ "ಅತ್ತೆ, ಇದು ಚೀಟಿಯೋ ಒಗಟೋ?" ಎಂದಳು. ಆದರೂ ಎದ್ದು ನಿಂತು ಹೇಳಿದಳು. ಶುರು ಮಾಡಲು ಕಷ್ಟವಾಗಲಿಲ್ಲ. "1933ರಲ್ಲಿ ಈ ಜಲಾಶಯ..." ಎಂದು ಹೊರಟು, ಅಲ್ಲಿಗೆ ನಿಂತಳು.

ನಿಂತ ಜಾಗ ನೋಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೆಸರು, ಇಸವಿ ಹಿಡಿದು ಯಾರಾದರೂ ವಾಕ್ಯ ಶುರು ಮಾಡಬಹುದು, ಆದರೆ ಅದು ಎಲ್ಲಿಗೆ ಮುಟ್ಟಬೇಕು ಎನ್ನುವುದು ಚೀಟಿಯಲ್ಲಿಲ್ಲ. ಆಗ ಬಾಯಿಗೆ ಬರುವುದು "ಆಗಿದೆ", "ಆಗಿರುತ್ತದೆ". ಅದೂ ಬರದಿದ್ದರೆ "ಅಂದ್ರೆ... ಅಂದ್ರೆ...". ಇಂಗ್ಲಿಷಿನಲ್ಲಿ ಕ್ರಿಯಾಪದ ಕರ್ತೃ ಆದ ಕೂಡಲೇ ಬರುವುದರಿಂದ ಬರೀ ಹೆಸರುಗಳ ಚೀಟಿ ಅಲ್ಲಿ ಹೇಗೋ ನಡೆದೀತು. ಆ ಪದ್ಧತಿಯನ್ನು ಹಾಗೇ ಎತ್ತಿಕೊಂಡರೆ ನಮ್ಮವರು ವಾಕ್ಯದ ಬಾಲದಲ್ಲಿ ಸಿಕ್ಕಿಕೊಳ್ಳುತ್ತಾರೆ.

ಆದ್ದರಿಂದ ಎರಡನೇ ಚೀಟಿಯಲ್ಲಿ ಬಾಲ ಉಳಿಸಿ ನಡುವಿನದ್ದನ್ನು ಕಿತ್ತೆವು:

> ಹಿರಿಯೂರು, ವೇದಾವತಿಗೆ ಅಡ್ಡ
> 1907 ಕಟ್ಟಿ ಮುಗಿಯಿತು
> 1933 ಕೋಡಿ ಬಿತ್ತು
> 89 ವರ್ಷ ಬೀಳಲಿಲ್ಲ
> 2022 ಮತ್ತೆ ಬಿತ್ತು
> → ಯಾಕಿಷ್ಟು ತಡ?

130 ಅಡಿ ಚೀಟಿಯಿಂದ ಹೊರಗೆ ಹೋಯಿತು. ಅದು ಸ್ಲೈಡಿನ ಚಿತ್ರದಲ್ಲೇ ಇದೆ, ತಿರುಗಿ ಬೆರಳು ತೋರಿಸಿದರೆ ಸಾಕು. ವಿಭಕ್ತಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: "ವೇದಾವತಿ ಅಡ್ಡ" ಎಂದು ಇನ್ನೂ ಒಂದಕ್ಷರ ಉಳಿಸಬಹುದಿತ್ತು, ಆದರೆ "ಗೆ" ಹೋದರೆ ಯಾವುದಕ್ಕೆ ಯಾವುದು ಅಡ್ಡ ಎಂದು ಒಂದು ಕ್ಷಣ ಯೋಚಿಸಬೇಕು. ಚೀಟಿ ನೋಡುವವರಿಗೆ ಆ ಒಂದು ಕ್ಷಣವೇ ದುಬಾರಿ.

ಕೊನೆಯ ಸಾಲು ಮುಂದಿನ ಸ್ಲೈಡಿಗೆ ದಾಟುವ ಪ್ರಶ್ನೆ. ಚೀಟಿ ತಿರುವುವಾಗ ಮೌನ ಬೀಳುತ್ತದೆ, ಅಂಜುವವರು ಹೆಚ್ಚಾಗಿ ಬೀಳುವುದೂ ಅಲ್ಲೇ. ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ ಆಮೇಲೆ ತಿರುವಿದರೆ, ಕೇಳುವವರು ಉತ್ತರಕ್ಕೆ ಕಾಯುತ್ತಿದ್ದಾರೆ ಅನ್ನಿಸುತ್ತದೆಯೇ ಹೊರತು ಮಾತು ನಿಂತಿತು ಅನ್ನಿಸುವುದಿಲ್ಲ.

ಕಾಗದ

ಪವರ್‌ಪಾಯಿಂಟಿನಲ್ಲಿ Presenter View ಇದೆಯಲ್ಲ ಎಂದು ಅವಳ ಗೆಳತಿ ಕೇಳಿದಳು. ಇದೆ, ನೋಟ್ಸ್ ಅಕ್ಷರ ದೊಡ್ಡದು ಮಾಡುವ ಗುಂಡಿಯೂ ಇದೆ. ಆದರೆ ಪ್ರೊಜೆಕ್ಟರ್ Duplicate ಮೇಲಿದ್ದರೆ ನೋಟ್ಸ್ ಅವಳೊಬ್ಬಳಿಗೇ ಕಾಣುವಂತೆ ಇರುವುದಿಲ್ಲ. Windows + P ಒತ್ತಿ Extend ಆರಿಸಬೇಕು, ಅದನ್ನು ಮಾಡಲು ಆ ದಿನ ಯಾರು ಬಿಡುತ್ತಾರೋ. ಮೇಲಾಗಿ ಸ್ಲೈಡ್ ಒತ್ತುವವನು ಬೇರೆ ಹುಡುಗ, ಲ್ಯಾಪ್‌ಟಾಪ್ ಇರುವುದು ಅವನ ಮುಂದೆ. ಹಾಗಾಗಿ ಕಾಗದವೇ ಸರಿ.

ಎ4 ಹಾಳೆ ಬೇಡ. ಕೈ ಸ್ವಲ್ಪ ನಡುಗಿದರೂ ಹಾಳೆಯ ತುದಿ ಪಟಪಟ ಎನ್ನುತ್ತದೆ, ಅದು ಕಂಡು ಕೈ ಇನ್ನಷ್ಟು ನಡುಗುತ್ತದೆ. ಮನೆಯಲ್ಲಿ ಕಟ್ಟು ಕಟ್ಟಿಟ್ಟಿದ್ದ ಮದುವೆ ಕಾರ್ಡುಗಳನ್ನು ಅಂಗೈ ಅಗಲಕ್ಕೆ ಕತ್ತರಿಸಿ ಬೆನ್ನಿಗೆ ಬರೆದೆವು. ನುಣುಪು ಮೈಯ ಕಾರ್ಡಿನಲ್ಲಿ ಮಾರ್ಕರ್ ಒರೆಸಿಹೋಗುತ್ತದೆ, ಒರಟು ಬೆನ್ನಿನದೇ ಆರಿಸಿಕೊಳ್ಳಿ. ಒಂದು ಸ್ಲೈಡಿಗೆ ಒಂದೇ ಚೀಟಿ, ಹೆಚ್ಚೆಂದರೆ ಆರು ಸಾಲು. ಯಾವ ನುಡಿಯೂ ಸಾಲು ಮುರಿದು ಕೆಳಗೆ ಇಳಿಯಬಾರದು. ಮೂಲೆಗೆ ತೂತು ಹಾಕಿ ದಾರ ಕಟ್ಟಿದೆ. ಕೈಜಾರಿ ಬಿದ್ದರೂ ಅನುಕ್ರಮ ತಪ್ಪುವುದಿಲ್ಲ.

ತಣ್ಣಗಿನ ಪರೀಕ್ಷೆ

ಬರೆದ ದಿನವೇ ಚೀಟಿ ನೋಡಿ ಹೇಳಿದರೆ ಎಲ್ಲವೂ ಸರಿ ಕಾಣುತ್ತದೆ, ಪ್ಯಾರಾ ಇನ್ನೂ ತಲೆಯಲ್ಲಿ ಬಿಸಿಯಾಗಿರುತ್ತದೆ. ಎರಡು ರಾತ್ರಿ ಬಿಟ್ಟು, ನೋಟ್ಸ್ ನಾನು ಎತ್ತಿಟ್ಟುಕೊಂಡು, ನಿಲ್ಲಿಸಿ ಹೇಳಿಸಿದೆ. ನಾನು ನೋಡಿದ್ದು ಅವಳ ಮಾತನ್ನಲ್ಲ, ಕಣ್ಣನ್ನು. ಒಂದು ಸಾಲಿನ ಮೇಲೆ ಕಣ್ಣು ಇಳಿದು ಕೂಡಲೇ ಮೇಲೆದ್ದರೆ ಆ ಸಾಲು ಗೆದ್ದಂತೆ. ಅಲ್ಲೇ ಕೂತರೆ ಸಾಲು ಉದ್ದವಾಗಿದೆ, ಇಲ್ಲವೇ ಅದು ಅವಳ ಮಾತಲ್ಲ. ಕಣ್ಣು ಸರಿಯಾಗಿ ಎದ್ದೂ ಮುಂದಿನ ಸಾಲಿಗೆ ಹೋಗಲು ತಡವರಿಸಿದರೆ ಎರಡರ ನಡುವೆ ಕೊಂಡಿ ಇಲ್ಲ.

ಸಿಕ್ಕಿಬಿದ್ದದ್ದು, ಜಲಾಶಯಕ್ಕೆ ಭದ್ರಾ ನದಿಯ ನೀರು ಬಂದದ್ದರ ಚೀಟಿ. "ಭದ್ರಾ ನೀರು ಬಂತು" ಎಂದಿತ್ತು, ಅದರ ಹಿಂದಿನ ಸಾಲು "ಮಳೆ ಕಮ್ಮಿ". ಎರಡೂ ತಮ್ಮಷ್ಟಕ್ಕೆ ಸರಿ, ನಡುವೆ ದಾರಿ ಇಲ್ಲ. "ಮಳೆ ಕಮ್ಮಿ, ಅದಕ್ಕೇ" ಎಂದು ಒಂದೇ ಪದ ಸೇರಿಸಿದ ಮೇಲೆ ಸರಾಗವಾಯಿತು. ಹಾಗಾಗಿ "ಅದಕ್ಕೇ", "ಆದ್ರೆ", "ಆಮೇಲೆ" ಇವನ್ನು ಕೆಂಪು ಮಾರ್ಕರಿನಲ್ಲಿ ಬರೆಯುವುದು ರೂಢಿಯಾಯಿತು. ಅಂಕಿಗಳಿಗೂ ಬಣ್ಣ ಹಚ್ಚೋಣ ಎಂದಳು. ಬೇಡ ಎಂದೆ, ಎಲ್ಲಕ್ಕೂ ಬಣ್ಣವಾದರೆ ಯಾವುದೂ ಎದ್ದು ಕಾಣುವುದಿಲ್ಲ.

ಇಳಿಸದೆ ಬಿಟ್ಟದ್ದು

ಮೊದಲ ವಾಕ್ಯ ಪೂರ್ತಿ ಇದೆ, ಅಕ್ಷರ ಬಿಡದೆ. ನಿಂತ ಕೂಡಲೇ ಗಂಟಲು ಒಣಗಿರುವಾಗ ನುಡಿ ಹಿಡಿದು ವಾಕ್ಯ ಕಟ್ಟುವ ಶಕ್ತಿ ಇರುವುದಿಲ್ಲ, ಅಲ್ಲಿ ಓದಿದರೂ ಪರವಾಗಿಲ್ಲ. ಮಾರ್ಗದರ್ಶಕರ ಹೆಸರೂ ಪೂರ್ತಿ ಇದೆ.

ಬಾಕಿ

ಪ್ರಶ್ನೋತ್ತರಕ್ಕೆ ಚೀಟಿ ಆಗಿಲ್ಲ. ಅಲ್ಲಿ ಅನುಕ್ರಮವೇ ಇಲ್ಲದ್ದರಿಂದ ಇದೇ ಅಚ್ಚು ಹೊಂದುವುದಿಲ್ಲ. ಕೇಳಬಹುದಾದ ಪ್ರಶ್ನೆಯ ಒಂದು ಪದ ಎಡಕ್ಕೆ, ಉತ್ತರದ ಕ್ರಿಯಾಪದ ಬಲಕ್ಕೆ ಬರೆದು ನೋಡಬೇಕು ಎಂದಿದ್ದೇನೆ. "2025ರಲ್ಲಿ ಮತ್ತೆ ಕೋಡಿ ಬಿದ್ದದ್ದು ಯಾಕೆ ಹೇಳಲಿಲ್ಲ" ಎಂದು ಹಿರಿಯೂರಿನ ಹುಡುಗನೊಬ್ಬ ಕೇಳೇ ಕೇಳುತ್ತಾನಂತೆ. ಆ ಸಾಲು ಮೊದಲು ಬರೆಯಬೇಕು.